ಡಬ್ಬಿಯ ತಳದಲ್ಲಿ ಬರೆದಿರುವುದನ್ನು ಎಷ್ಟು ನಂಬಬಹುದು?

(ಅಪಾರ್ಟ್‌ಮೆಂಟ್ ಸಂಘವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮನೆಯಿಂದ ಒಂದೊಂದು ಡಬ್ಬಿ, ಒಂದೊಂದು ತವಾ ತನ್ನಿ ಅಂತ ಹೇಳಿದ್ದೆ, ತುಂಬಾ ಜನ ತಂದಿದ್ದೀರಿ. ಅದನ್ನು ಈಗಲೇ ತಲೆಕೆಳಗೆ ಮಾಡಿ ಹಿಡಿದುಕೊಳ್ಳಿ. ನಾನು ಲೋಹ ಪರೀಕ್ಷೆಯ ಕೆಲಸದಲ್ಲಿರುವವನು. ಇವತ್ತು ಮಾತಾಡುವುದೆಲ್ಲ ಆ ತಳದ ಬಗ್ಗೆಯೇ.

ಮೊದಲು ಅಲ್ಲಿ ಏನೇನಿದೆ ನೋಡೋಣ. ಸ್ಟೀಲ್ ಡಬ್ಬಿಯಾದರೆ ಒಂದು ಕಂಪನಿ ಹೆಸರು, ಅದರ ಪಕ್ಕ ‘ಎಸ್‌ಎಸ್ 304’ ಅಂತಲೋ ‘18/8’ ಅಂತಲೋ ಇರುತ್ತದೆ. ಕೆಲವದರಲ್ಲಿ ‘ಫುಡ್ ಗ್ರೇಡ್’ ಅಂತ ಇದೆ. ಕೆಲವದರಲ್ಲಿ ಲೋಟ ಮತ್ತು ಫೋರ್ಕ್ ಚಿತ್ರವಿದೆ. ಕೆಲವದರಲ್ಲಿ ಸುರುಳಿ ಚಿತ್ರ, ಅಂದರೆ ಇಂಡಕ್ಷನ್ ಒಲೆಗೆ ಆಗುತ್ತದೆ ಅಂತ. ಇನ್ನು ಕೆಲವದರಲ್ಲಿ ಏನೂ ಇಲ್ಲ, ಪಕ್ಕದಲ್ಲಿ ಅಂಗಡಿಯವರು ಮಷೀನಿನಲ್ಲಿ ಕೊರೆದುಕೊಟ್ಟ ನಿಮ್ಮ ಹೆಸರು ಮಾತ್ರ ಇದೆ.

ಈ ಎಲ್ಲ ಗುರುತುಗಳೂ ಒಂದೇ ತೂಕದವಲ್ಲ. ‘304’ ಅಂತ ತಳದಲ್ಲಿ ಇದ್ದರೆ ಅದು ತಯಾರಕರ ಮಾತು, ಅಷ್ಟೇ. ಯಾರೋ ಪರೀಕ್ಷೆ ಮಾಡಿ ಒಪ್ಪಿದ್ದಾರೆ ಅಂತ ಅದರ ಅರ್ಥ ಅಲ್ಲ. ‘ಫುಡ್ ಗ್ರೇಡ್’ ಅನ್ನುವ ಪದಕ್ಕಂತೂ ಒಂದು ನಿರ್ದಿಷ್ಟ ಲೋಹ ಅಂತಲೇ ಇಲ್ಲ. ಲೋಟ-ಫೋರ್ಕ್ ಚಿತ್ರ ಯುರೋಪಿನ 2004ರ ನಿಯಮದಿಂದ ಬಂದದ್ದು. ಆಹಾರಕ್ಕೆ ತಾಗುವ ಬಳಕೆಗೆ ಮಾಡಿದ ವಸ್ತು ಅಂತ ಅದು ಹೇಳುತ್ತದೆ. ಯಾವ ದರ್ಜೆಯ ಸ್ಟೀಲ್ ಅಂತ ಹೇಳುವುದಿಲ್ಲ.

ಪರೀಕ್ಷೆ ಮತ್ತು ಲೈಸೆನ್ಸ್ ಹಿಂದೆ ಇರುವ ಗುರುತು ಅಂದರೆ ಐಎಸ್‌ಐ ಮಾರ್ಕ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಸಾಕಷ್ಟು ಡಬ್ಬಿಗಳ ಮೇಲೆ ‘ಎಐಎಸ್‌ಐ 304’ ಅಂತ ಇರುತ್ತದೆ. ಓದುವಾಗ ಕಣ್ಣು ಮೊದಲ ಅಕ್ಷರ ದಾಟಿ ‘ಐಎಸ್‌ಐ’ ಅಂತ ಓದಿಬಿಡುತ್ತದೆ. ಎಐಎಸ್‌ಐ ಅನ್ನುವುದು ಅಮೆರಿಕದ ಉಕ್ಕು ಸಂಸ್ಥೆಯ ಹೆಸರು. 304, 202, 430 ಅಂತ ಸ್ಟೀಲಿಗೆ ನಂಬರ್ ಕೊಡುವ ಪದ್ಧತಿ ಅವರಿಂದ ಬಂತು. ಅವರು ನಿಮ್ಮ ಡಬ್ಬಿಯನ್ನು ನೋಡಿಲ್ಲ, ಪರೀಕ್ಷಿಸಿಲ್ಲ. ನಮ್ಮ ಐಎಸ್‌ಐ ಮಾರ್ಕ್ ಕೊಡುವುದು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್. ಅದರ ಮಾರ್ಕ್ ಬರೀ ಮೂರು ಅಕ್ಷರ ಅಲ್ಲ. ಚಿಹ್ನೆಯ ಮೇಲೆ ಮಾನಕದ ನಂಬರ್ ಇರಬೇಕು, ಕೆಳಗೆ CM/L ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಸ್ಟೀಲ್ ಪಾತ್ರೆಗೆ ಆ ಮಾನಕ 14756. ಅಲ್ಯೂಮಿನಿಯಂ ಪಾತ್ರೆಗೆ 1660, ನಾನ್‌ಸ್ಟಿಕ್ ಲೇಪ ಇರುವ ಅಲ್ಯೂಮಿನಿಯಂ ಕೂಡ ಅದರಲ್ಲೇ ಬರುತ್ತದೆ.

ಈ ಲೈಸೆನ್ಸ್ ನಂಬರನ್ನು ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ ನೋಡಿ. ಕಂಪನಿ ಯಾವುದು, ವಿಳಾಸ ಎಲ್ಲಿ, ಯಾವ ವಸ್ತುವಿಗೆ ಲೈಸೆನ್ಸ್, ಈಗ ಚಾಲ್ತಿಯಲ್ಲಿದೆಯಾ ಎಲ್ಲ ಬರುತ್ತದೆ. ‘ಯಾವ ವಸ್ತುವಿಗೆ’ ಅನ್ನುವುದನ್ನು ತಪ್ಪದೆ ಓದಿ. ಪ್ರೆಶರ್ ಕುಕ್ಕರಿಗೆ ತೆಗೆದುಕೊಂಡ ಲೈಸೆನ್ಸ್ ನಂಬರು ಊಟದ ಡಬ್ಬಿ ಮೇಲೆ ಇದ್ದರೆ ಆ ಡಬ್ಬಿಗೆ ಲೈಸೆನ್ಸ್ ಇಲ್ಲ ಅಂತಲೇ ಲೆಕ್ಕ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಕಡ್ಡಾಯ ಮಾಡುವ ಕೇಂದ್ರದ ಆದೇಶ ಬಂದದ್ದೇ 2024ರ ಮಾರ್ಚ್ 14ರಂದು. ಅದಕ್ಕೂ ಮುಂಚೆ ಕೊಂಡ ನಿಮ್ಮ ಮನೆಯ ಡಬ್ಬಿಯಲ್ಲಿ ಮಾರ್ಕ್ ಇಲ್ಲದಿದ್ದರೆ ಗಾಬರಿಯಾಗಬೇಡಿ. ಮಾರ್ಕ್ ಇಲ್ಲ ಅಂದಮಾತ್ರಕ್ಕೆ ಕೆಟ್ಟ ಸ್ಟೀಲ್ ಅಂತ ಅಲ್ಲ.

ಹಾಗಾದರೆ ಆ ನಂಬರುಗಳ ಒಳಗೆ ಏನಿದೆ? ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಕಬ್ಬಿಣಕ್ಕೆ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಬೆರೆಸಿದ್ದು. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪದರ ಕಟ್ಟುತ್ತದೆ. ತುಕ್ಕು ತಡೆಯುವುದು ಅದೇ. ಗೀರು ಬಿದ್ದರೂ ಆ ಪದರ ತಾನೇ ಮತ್ತೆ ಕೂಡಿಕೊಳ್ಳುತ್ತದೆ. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 18/8 ಅಂದರೂ ಅದೇ. 18/0 ಅಂದರೆ ನಿಕ್ಕಲ್ ಇಲ್ಲ, ಅದು 430ರ ಜಾತಿ. ನಿಕ್ಕಲ್ ದುಬಾರಿ ಲೋಹ. ಅದನ್ನು ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ತುಂಬಿದರೆ 200ರ ಸರಣಿ ಸಿಗುತ್ತದೆ. 201, 202 ಅಂತ ಕೇಳಿರುತ್ತೀರಿ. ನಮ್ಮ ಪಾತ್ರೆ ವ್ಯಾಪಾರದಲ್ಲಿ ‘ಜೆ4’ ಅನ್ನುವುದೂ ಓಡುತ್ತದೆ. ಅದರಲ್ಲಿ ನಿಕ್ಕಲ್ ಒಂದು ಪಾಲಿನ ಆಸುಪಾಸು ಮಾತ್ರ.

ಹೊಸದಾಗಿದ್ದಾಗ 304 ಮತ್ತು 200ರ ಸರಣಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೂ ಕಣ್ಣಲ್ಲಿ ಗೊತ್ತಾಗುವುದಿಲ್ಲ. ಹೊಳಪು ಪಾಲಿಶ್‌ನಿಂದ ಬರುತ್ತದೆ. ತೂಕ ದಪ್ಪದಿಂದ ಬರುತ್ತದೆ. ‘ಇದು ಹೆವಿ ಇದೆ ಮೇಡಂ, ಒಳ್ಳೆ ಸ್ಟೀಲು’ ಅಂತ ಅಂಗಡಿಯಲ್ಲಿ ಹೇಳುತ್ತಾರಲ್ವಾ? ಹೆವಿ ಅಂದರೆ ಹಾಳೆ ದಪ್ಪ ಇದೆ ಅಂತ ಅಷ್ಟೇ. ಗೇಜ್ ಕೇಳಿ ಬೇಕಾದರೆ, ನಂಬರ್ ಕಡಿಮೆ ಇದ್ದಷ್ಟೂ ಹಾಳೆ ದಪ್ಪ. ದಪ್ಪ ಹಾಳೆಯ ಡಬ್ಬಿ ಬೇಗ ನೆಗ್ಗುವುದಿಲ್ಲ, ಒಳ್ಳೆಯದೇ. ಆದರೆ ದರ್ಜೆ ಬೇರೆ, ದಪ್ಪ ಬೇರೆ.

ಈಗ ಮ್ಯಾಗ್ನೆಟ್ ವಿಷಯ. ‘ಮ್ಯಾಗ್ನೆಟ್ ಅಂಟದಿದ್ದರೆ 304’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ವಿಡಿಯೋ ನೀವೆಲ್ಲ ನೋಡಿದ್ದೀರಿ. ಅರ್ಧ ಮಾತ್ರ ಸರಿ. ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿದರೆ ಅದು 430ರ ಜಾತಿ, ಆ ಜಾಗ 304 ಅಲ್ಲ. ಇಷ್ಟು ನಂಬಬಹುದು. ಅಂಟದಿದ್ದರೆ? 304 ಕೂಡ ಅಂಟುವುದಿಲ್ಲ, 202 ಕೂಡ ಅಂಟುವುದಿಲ್ಲ, ಜೆ4 ಕೂಡ ಅಂಟುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ 304ರ ಹೆಸರಲ್ಲಿ ಬರುವ ಬದಲಿ ಸರಕು ಹೆಚ್ಚಾಗಿ 200ರ ಸರಣಿಯದ್ದೇ. ಅಂದರೆ ಎಲ್ಲಿ ಪತ್ತೆಹಚ್ಚಬೇಕೋ ಅಲ್ಲೇ ಮ್ಯಾಗ್ನೆಟ್ ಸುಮ್ಮನಾಗಿಬಿಡುತ್ತದೆ.

ಇನ್ನೂ ಒಂದಿದೆ. ಡಬ್ಬಿ ಮಾಡುವಾಗ ಚಪ್ಪಟೆ ಹಾಳೆಯನ್ನು ಅಚ್ಚಿನೊಳಗೆ ಒತ್ತಿ ಎಳೆಯುತ್ತಾರೆ. ಹಾಗೆ ಜಾಸ್ತಿ ಎಳೆದ ಮೂಲೆಗಳಲ್ಲಿ, ಮಡಚಿದ ಅಂಚಿನಲ್ಲಿ ಅಸಲಿ 304 ಕೂಡ ಒಳರಚನೆ ಬದಲಾಗಿ ಸ್ವಲ್ಪ ಮ್ಯಾಗ್ನೆಟ್ ಹಿಡಿಯುತ್ತದೆ. ಮೆಲ್ಲಗೆ ಎಳೆದ ಹಾಗೆ ಅನ್ನಿಸುತ್ತದೆ, ಬಿಟ್ಟರೆ ಜಾರುತ್ತದೆ. ಅಷ್ಟಕ್ಕೇ ಡಬ್ಬಿ ನಕಲಿ ಅಂತ ಜಗಳಕ್ಕೆ ಹೋಗಬೇಡಿ. ಹಾಗೆಯೇ ಇಂಡಕ್ಷನ್ ತಳದ ಪಾತ್ರೆಯ ತಳಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಲೇಬೇಕು. ಅಲ್ಲಿ ಹೊರಗಡೆ 430, ನಡುವೆ ಅಲ್ಯೂಮಿನಿಯಂ, ಅಡುಗೆ ತಾಗುವ ಒಳಭಾಗ ಬೇರೆ ಸ್ಟೀಲ್. ‘18/8’ ಅಂತ ಅಚ್ಚು ಇರುವುದು ಆ 430 ತಟ್ಟೆಯ ಮೇಲೆ, ಹೇಳುತ್ತಿರುವುದು ಒಳಗಿನ ಪಾತ್ರೆಯ ಬಗ್ಗೆ. ಹೀಗಾಗಿ ಪರೀಕ್ಷೆ ಮಾಡುವುದಾದರೆ ಪಕ್ಕದ ಗೋಡೆಯ ಮೇಲೆ ಮಾಡಿ.

ಸರಿ, ಒಂದು ಡಬ್ಬಿಯನ್ನು ಪೂರ್ತಿ ನೋಡೋಣ. ಮುಂದಿನ ಸಾಲಿನ ಅಮ್ಮ ಮಗಳ ಶಾಲೆಯ ಎರಡು ಅಂತಸ್ತಿನ ಡಬ್ಬಿ ಕೊಟ್ಟಿದ್ದಾರೆ. ತಳದಲ್ಲಿ ಲೇಸರ್‌ನಲ್ಲಿ ‘ಎಸ್‌ಎಸ್ 304 ಫುಡ್ ಗ್ರೇಡ್’ ಅಂತಿದೆ, ಲೋಟ-ಫೋರ್ಕ್ ಇದೆ. ಮಾನಕದ ನಂಬರಿಲ್ಲ, ಲೈಸೆನ್ಸ್ ನಂಬರಿಲ್ಲ. ತಂದು ಒಂದು ವರ್ಷವೂ ಆಗಿಲ್ಲ, ಕ್ಲಿಪ್ಪಿನ ಬುಡದಲ್ಲಿ ಕಂದು ಬಣ್ಣ, ಒಳಗೆ ತಳದಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು.

ಮೊದಲು ಮ್ಯಾಗ್ನೆಟ್. ಕ್ಲಿಪ್ಪಿಗೆ ಟಕ್ ಅಂತ ಅಂಟಿತು. ಅಂದರೆ ಕ್ಲಿಪ್ ಬೇರೆ ಲೋಹ. ಇದು ಸಾಮಾನ್ಯ, ಕ್ಲಿಪ್ಪಿಗೆ ಬೇರೆ ದರ್ಜೆ ಹಾಕುವುದು ಉಂಟು, ತಳದ ಅಚ್ಚು ಅದರ ಬಗ್ಗೆ ಮಾತಾಡುವುದೇ ಇಲ್ಲ. ಮುಚ್ಚಳ, ಒಳತಟ್ಟೆ, ಕ್ಲಿಪ್ ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಬೇಕು. ಗೋಡೆಗೆ ಅಂಟಲಿಲ್ಲ. ಮೂಲೆಯಲ್ಲಿ ಸ್ವಲ್ಪ ಎಳೆಯಿತು. ಇಲ್ಲಿಗೆ 430 ಅಲ್ಲ ಅಂತಾಯಿತು. 304ಓ 200ಓ ಅನ್ನುವುದು ಇನ್ನೂ ಬಾಕಿ.

ಅದಕ್ಕೆ ಈ ಸಣ್ಣ ಬಾಟಲಿ. ಸ್ಟೀಲ್ ಪರೀಕ್ಷೆಯ ದ್ರವ ಅಂತ ಆನ್‌ಲೈನ್‌ನಲ್ಲೂ ಸಿಗುತ್ತದೆ, ಗುಜರಿ ವ್ಯಾಪಾರದವರೂ ಬಳಸುತ್ತಾರೆ. ಜೊತೆಗೆ 9 ವೋಲ್ಟಿನ ಚೌಕ ಬ್ಯಾಟರಿ ಬೇಕು. ಡಬ್ಬಿಯ ಹೊರಗಡೆ, ಊಟ ತಾಗದ ಜಾಗ ಆರಿಸಿಕೊಂಡೆ. ಎಣ್ಣೆ ಜಿಡ್ಡು ಹೋಗುವಂತೆ ತೊಳೆದು ಒರೆಸಿದೆ. ಒಂದು ತೊಟ್ಟು ಹಾಕಿದೆ. ಬ್ಯಾಟರಿಯ ಪ್ಲಸ್ ತುದಿ ಸ್ಟೀಲಿಗೆ, ಮೈನಸ್ ತುದಿ ತೊಟ್ಟಿಗೆ ತಾಗಬೇಕು. ಕೆಲವು ಸೆಕೆಂಡು ಸಾಕು. ಆ ಕರೆಂಟಿಗೆ ಸ್ಟೀಲಿನ ಮೇಲ್ಮೈ ಚೂರೇ ಚೂರು ಕರಗಿ ದ್ರವಕ್ಕೆ ಬರುತ್ತದೆ. ಮ್ಯಾಂಗನೀಸ್ ಜಾಸ್ತಿ ಇದ್ದರೆ ತೊಟ್ಟು ಕೆಂಪಗಾಗುತ್ತದೆ. ನೋಡಿ, ಇದು ಕೆಂಪಾಯಿತು.

ಇಷ್ಟಕ್ಕೇ ತೀರ್ಪು ಕೊಡಬೇಡಿ. ದ್ರವ ಹಳೆಯದಾಗಿರಬಹುದು, ಜಾಗ ಕೊಳೆ ಇರಬಹುದು. ಗ್ಯಾರಂಟಿ 304 ಅಂತ ಗೊತ್ತಿರುವ ಒಂದು ಚಮಚದ ಮೇಲೆ ಅದೇ ತೊಟ್ಟು ಹಾಕಿ ಹೋಲಿಸಬೇಕು. ನನ್ನ ಹತ್ತಿರ ಲ್ಯಾಬಿನಲ್ಲಿ ಪರೀಕ್ಷಿಸಿದ ಒಂದು ತುಂಡು ಇದೆ. ಅದರ ಮೇಲೆ ಕೆಂಪು ಬರಲಿಲ್ಲ. ಹೀಗಾಗಿ ಈ ಡಬ್ಬಿಯ ಮೈ 200ರ ಸರಣಿ ಅಂತ ಹೇಳಲು ನನಗೆ ಧೈರ್ಯ ಬಂತು. ತಳದ ಅಚ್ಚು ಸುಳ್ಳು. ತೊಟ್ಟು ಹಾಕಿದ ಜಾಗವನ್ನು ಚೆನ್ನಾಗಿ ಸೋಪು ಹಾಕಿ ತೊಳೆಯಿರಿ, ದ್ರವದಲ್ಲಿ ಆಸಿಡ್ ಇರುತ್ತದೆ. ಒಂದು ಮಸುಕು ಕಲೆ ಉಳಿಯುತ್ತದೆ. ಮಕ್ಕಳ ಕೈಗೆ ಬಾಟಲಿ ಸಿಗದ ಹಾಗೆ ಇಡಿ.

ಆದರೆ ಇದು 201ಓ, 202ಓ, ಜೆ4ಓ ಅಂತ ತೊಟ್ಟು ಹೇಳುವುದಿಲ್ಲ. ಕ್ರೋಮಿಯಂ ಎಷ್ಟು, ನಿಕ್ಕಲ್ ಎಷ್ಟು ಅಂತ ಅಂಕಿಯಲ್ಲಿ ಬೇಕಾದರೆ ಎಕ್ಸ್‌ಆರ್‌ಎಫ್ ಯಂತ್ರ ಬೇಕು. ಕೈಯಲ್ಲಿ ಹಿಡಿಯುವ ಗನ್ ತರಹ ಇರುತ್ತದೆ, ಡಬ್ಬಿಗೆ ಒತ್ತಿ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಲೋಹಗಳ ಪಟ್ಟಿ ಬರುತ್ತದೆ, ಕಲೆಯೂ ಆಗುವುದಿಲ್ಲ. ಪೀಣ್ಯದಂಥ ಕಡೆ ಲೋಹ ಪರೀಕ್ಷೆಯ ಲ್ಯಾಬುಗಳಿವೆ. ಒಂದು ಡಬ್ಬಿಗೋಸ್ಕರ ಹೋಗುವುದು ದಂಡ. ಶಾಲೆಗೋ ಸಂಘಕ್ಕೋ ನೂರಾರು ಡಬ್ಬಿ ಒಟ್ಟಿಗೆ ಕೊಳ್ಳುವಾಗ ಒಂದನ್ನು ಕಳಿಸುವುದು ಖಂಡಿತ ಸರಿ.

ಆ ಅಮ್ಮನ ಪ್ರಶ್ನೆ ಬೇರೆ. ‘ಸರ್, ಇಷ್ಟು ದಿನ ಇದರಲ್ಲೇ ಕಳಿಸಿದೀನಿ, ಮಗೂಗೆ ಏನಾದರೂ ಆಗತ್ತಾ?’ ಅಂತ. ಹೆದರಬೇಡಿ ಅಮ್ಮ. 200ರ ಸರಣಿ ವಿಷ ಅಲ್ಲ. ನಿಕ್ಕಲ್ ಕಡಿಮೆ ಇರುವ ಸ್ಟೀಲನ್ನು ಪಾತ್ರೆಗೆ ಬಳಸುವುದಕ್ಕೆ ಬಿಐಎಸ್‌ನದ್ದೇ ಬೇರೆ ಮಾನಕ ಇದೆ, ಅದರ ನಂಬರು 15997. ಅಂದರೆ ಆ ಸ್ಟೀಲಿನಲ್ಲಿ ಪಾತ್ರೆ ಮಾಡುವುದು ತಪ್ಪಲ್ಲ. 304 ಅಂತ ಬರೆದು, 304ರ ಬೆಲೆ ತೆಗೆದುಕೊಂಡು, ಇದನ್ನು ಕೊಡುವುದು ತಪ್ಪು. ಅದು ಮೋಸ, ಅದರ ಬಗ್ಗೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮಗುವಿನ ಊಟದ ವಿಷಯದಲ್ಲಿ ಜನ ಚೌಕಾಸಿ ಮಾಡದೆ ದುಡ್ಡು ಕೊಡುತ್ತಾರೆ ಅಂತ ಗೊತ್ತಿದ್ದೇ ಹೀಗೆ ಮಾಡುತ್ತಾರೆ.

ಬಳಕೆಯಲ್ಲಿ ವ್ಯತ್ಯಾಸ ಕಾಣುವುದು ಉಪ್ಪು ಮತ್ತು ಹುಳಿ ಸೇರಿದಾಗ. ಉಪ್ಪಿನಲ್ಲಿರುವ ಕ್ಲೋರೈಡ್ ಆ ತೆಳು ಪದರವನ್ನು ಅಲ್ಲಲ್ಲಿ ಚುಚ್ಚುತ್ತದೆ, ಹುಳಿ ಅದಕ್ಕೆ ನೆರವಾಗುತ್ತದೆ. ಪುಳಿಯೋಗರೆ, ಚಿತ್ರಾನ್ನ, ಉಪ್ಪಿನಕಾಯಿ, ಮೊಸರನ್ನ, ನಮ್ಮ ಡಬ್ಬಿಗಳಲ್ಲಿ ಇರುವುದೇ ಇವು. 304 ಇದನ್ನು ಚೆನ್ನಾಗಿ ತಡೆಯುತ್ತದೆ, ಅದೂ ಉಪ್ಪಿನಕಾಯಿಯನ್ನು ತಿಂಗಳುಗಟ್ಟಲೆ ಹಾಕಿಟ್ಟರೆ ಸೋಲುತ್ತದೆ. ನಮ್ಮಜ್ಜಿಯರು ಅದಕ್ಕೆ ಜಾಡಿ ಇಟ್ಟುಕೊಂಡದ್ದು ಸುಮ್ನೆ ಅಲ್ಲ. ಕಡಿಮೆ ಕ್ರೋಮಿಯಂ, ಕಡಿಮೆ ನಿಕ್ಕಲ್ ಇರುವ ಸ್ಟೀಲ್ ಬೇಗ ಸೋಲುತ್ತದೆ.

ಎಲ್ಲ ಕಲೆಯೂ ತುಕ್ಕಲ್ಲ ಅನ್ನುವುದನ್ನೂ ಹೇಳಬೇಕು. ಬೋರ್‌ವೆಲ್ ನೀರಿನ ಮನೆಯಲ್ಲಿ ಡಬ್ಬಿಯೊಳಗೆ ಬಿಳಿ ಮಚ್ಚೆ ಬರುತ್ತದೆ, ಅದು ಗಡಸು ನೀರಿನ ಸುಣ್ಣ. ನಿಂಬೆಹೋಳು ಉಜ್ಜಿದರೆ ಹೋಗುತ್ತದೆ. ಬಿಸಿಯಾದ ಪಾತ್ರೆಯಲ್ಲಿ ಕಾಮನಬಿಲ್ಲಿನ ಬಣ್ಣ ಬಂದರೆ ಅದು ಶಾಖದಿಂದ ಮೇಲಿನ ಪದರ ಸ್ವಲ್ಪ ದಪ್ಪವಾದದ್ದು, ಏನೂ ತೊಂದರೆ ಇಲ್ಲ. ಕಂದು ಚುಕ್ಕೆ ಬಂದರೆ ಹುಣಸೆಹಣ್ಣು ಹಾಕಿ ಮೆತ್ತನೆ ಸ್ಕ್ರಬ್ಬರ್‌ನಲ್ಲಿ ಉಜ್ಜಿ. ಕಬ್ಬಿಣದ ನಾರಿನಲ್ಲಿ ತಿಕ್ಕಿದಾಗ ಅದರ ಚೂರು ಅಂಟಿಕೊಂಡು ತುಕ್ಕು ಹಿಡಿದಿದ್ದರೆ ಪೂರ್ತಿ ಹೋಗುತ್ತದೆ. ಉಜ್ಜಿದ ಮೇಲೂ ಉಗುರಿಗೆ ಸಣ್ಣ ಗುಳಿ ಸಿಕ್ಕರೆ ಅದು ಲೋಹವೇ ತಿಂದುಹೋದದ್ದು. ಈ ಡಬ್ಬಿಯ ತಳದಲ್ಲಿ ನನ್ನ ಉಗುರು ಸಿಕ್ಕಿಕೊಳ್ಳುತ್ತಿದೆ. ಇದರಲ್ಲಿ ಇನ್ನು ಚಪಾತಿ, ಬಿಸ್ಕತ್ತು, ಒಣ ತಿಂಡಿ ಕಳಿಸಿ. ಹುಳಿ ಅನ್ನ ಬೇಡ. ಗುಳಿಯೊಳಗೆ ಊಟದ ಅಂಶ ಕೂತು ತೊಳೆದರೂ ಹೋಗುವುದಿಲ್ಲ, ಅದು ತುಕ್ಕಿಗಿಂತ ಜಾಸ್ತಿ ಯೋಚನೆ ಮಾಡಬೇಕಾದ ವಿಷಯ.

ಒಂದು ವಿಚಿತ್ರ ನೋಡಿ. ಕೆಲವು ಅಸಲಿ 304 ಡಬ್ಬಿಗಳಲ್ಲೂ ಆ ‘304’ ಅನ್ನುವ ಅಕ್ಷರಗಳ ಮೇಲೆಯೇ ಕಂದು ಬಣ್ಣ ಬರುತ್ತದೆ. ಲೇಸರ್ ಹಾಯಿಸಿದಾಗ ಆ ಗೆರೆಗಳಲ್ಲಿ ಸ್ಟೀಲ್ ಕಾದು ರಕ್ಷಣೆಯ ಪದರ ಕೆಡುತ್ತದೆ. ಅಕ್ಷರದ ಮೇಲೆ ಮಾತ್ರ ಕಂದು, ಬೇರೆಲ್ಲೂ ಇಲ್ಲ ಅಂದರೆ ಅದು ಲೇಸರಿನ ಕೆಲಸ, ಡಬ್ಬಿಯ ಮೈಯನ್ನು ಅದರಿಂದ ಅಳೆಯಬೇಡಿ.

ಇನ್ನೊಬ್ಬರು ನಿಕ್ಕಲ್ ಅಲರ್ಜಿ ಬಗ್ಗೆ ಕೇಳಿದರು. ಗಿಲೀಟಿನ ಓಲೆ ಹಾಕಿದರೆ ಕಿವಿ ತುರಿಸುವವರಿಗೆ ಅದು ಇರಬಹುದು. ಹುಳಿ ಅಡುಗೆಯನ್ನು ತುಂಬಾ ಹೊತ್ತು ಕುದಿಸಿದರೆ 304ರಿಂದಲೂ ಸ್ವಲ್ಪ ನಿಕ್ಕಲ್ ಬಿಡುತ್ತದೆ. ಅಲರ್ಜಿ ಇಲ್ಲದವರಿಗೆ ಅದು ಲೆಕ್ಕಕ್ಕಿಲ್ಲ. ಚರ್ಮದ ಡಾಕ್ಟರು ಅಲರ್ಜಿ ಇದೆ ಅಂತ ಹೇಳಿದ್ದರೆ ನಿಮಗೆ 18/0 ಒಳ್ಳೆಯದು. ಅಲ್ಲಿ ಮಾತ್ರ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುವ ಪಾತ್ರೆಯನ್ನೇ ಹುಡುಕಬೇಕು.

ಈಗ ನಾನ್‌ಸ್ಟಿಕ್. ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ತಳ ನೋಡಿ ಗೊತ್ತಾಗುವುದು ಇಲ್ಲಿ ಕಡಿಮೆ. ತವಾದ ತಳಕ್ಕೆ ಮ್ಯಾಗ್ನೆಟ್ ಅಂಟಿದಮಾತ್ರಕ್ಕೆ ಅದು ಸ್ಟೀಲ್ ತವಾ ಅಂತ ಅಲ್ಲ. ಅಲ್ಯೂಮಿನಿಯಂ ಮೈಗೆ ಇಂಡಕ್ಷನ್‌ಗೋಸ್ಕರ ತೂತುಗಳ ಸ್ಟೀಲ್ ತಟ್ಟೆ ಒತ್ತಿರುತ್ತಾರೆ. ‘ಪಿಎಫ್‌ಒಎ ಫ್ರೀ’ ಅಂತ ಇದ್ದರೆ ಜನ ಲೇಪವೇ ಇಲ್ಲವೇನೋ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಂಟದ ಗುಣ ಕೊಡುವ ಲೇಪದ ಹೆಸರು ಪಿಟಿಎಫ್‌ಇ. ಪಿಎಫ್‌ಒಎ ಅನ್ನುವುದು ಅದನ್ನು ತಯಾರಿಸುವಾಗ ಬಳಸುತ್ತಿದ್ದ ಇನ್ನೊಂದು ರಾಸಾಯನಿಕ. ಅಮೆರಿಕದ ದೊಡ್ಡ ತಯಾರಕರು 2015ರ ಹೊತ್ತಿಗೆ ಅದನ್ನು ಬಿಟ್ಟರು, 2019ರಲ್ಲಿ ಹಾನಿಕಾರಕ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ಅದು ಇಲ್ಲದಿರುವುದು ಒಳ್ಳೆಯದು, ಆದರೆ ಲೇಪ ಪಿಟಿಎಫ್‌ಇ ಆಗಿಯೇ ಇರಬಹುದು. ‘ಗ್ರಾನೈಟ್’, ‘ಮಾರ್ಬಲ್’ ಅಂತ ಚುಕ್ಕೆ ಚುಕ್ಕೆ ಇರುವ ಹೆಚ್ಚಿನ ತವಾಗಳಲ್ಲೂ ಪಿಟಿಎಫ್‌ಇಯೇ ಇರುತ್ತದೆ, ಕಲ್ಲಲ್ಲ. ‘ಸೆರಾಮಿಕ್’ ಅನ್ನುವುದು ಬೇರೆ, ಮರಳಿನ ಮೂಲದ ಲೇಪ. ಅದು ಶಾಖ ತಡೆಯುತ್ತದೆ, ಆದರೆ ಅಂಟದ ಗುಣ ಬೇಗ ಹೋಗುತ್ತದೆ.

ಪಿಟಿಎಫ್‌ಇ ತವಾಗೆ ಮುಖ್ಯವಾದ ಅಂಕಿ ತಳದಲ್ಲಿ ಸಾಮಾನ್ಯವಾಗಿ ಬರೆದೇ ಇರುವುದಿಲ್ಲ. ಅದು 260 ಡಿಗ್ರಿ ಸೆಲ್ಸಿಯಸ್. ಅದರಾಚೆಗೆ ಲೇಪ ಕೆಡಲು ಶುರುವಾಗುತ್ತದೆ, ಇನ್ನೂ ಕಾದರೆ ಹೊಗೆ ಬಿಡುತ್ತದೆ. ಆ ಹೊಗೆ ನಮಗೆ ಜ್ವರ ತರಬಹುದು, ಪಂಜರದ ಪಕ್ಷಿಗಳನ್ನು ಕೊಲ್ಲಬಹುದು. ಗಿಳಿ, ಲವ್‌ಬರ್ಡ್ಸ್ ಸಾಕುವವರು ಅಡುಗೆಮನೆಯಿಂದ ಪಂಜರ ದೂರ ಇಡಿ. ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಇಟ್ಟು ಫೋನಿಗೆ ಹೋದರೆ ಕೆಲವೇ ನಿಮಿಷದಲ್ಲಿ ಆ ಅಂಕಿ ದಾಟುತ್ತದೆ. ಥರ್ಮಾಮೀಟರ್ ಬೇಕಿಲ್ಲ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸುಮಾರು 230ಕ್ಕೆ ಹೊಗೆಯಾಡುತ್ತದೆ. ಸವರಿದ ಎಣ್ಣೆ ಹೊಗೆ ಬಿಟ್ಟರೆ ಉರಿ ಇಳಿಸಿ.

ಲೇಪ ಅಲ್ಲಲ್ಲಿ ಕಿತ್ತುಬಂದ ತವಾ ತಂದವರು ನಾಲ್ಕೈದು ಜನ ಇದ್ದೀರಿ. ಆ ಚಕ್ಕೆ ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಆದರೆ ಕೆಳಗಿನ ಅಲ್ಯೂಮಿನಿಯಂ ಬಯಲಾಗಿದೆ. ಟೊಮೆಟೊ, ಹುಣಸೆ ಬಿದ್ದರೆ ಅದು ಕರಗಿ ಅಡುಗೆಗೆ ಸೇರುತ್ತದೆ. ಅಂಥ ತವಾ ಬದಲಿಸಿ.

ಕೊನೆಗೆ, ಅಂಗಡಿಯಲ್ಲಿ ಏನು ಮಾಡಬೇಕು ಅಂತ ಕೇಳಿದ್ದೀರಿ. ಬಿಲ್ಲಿನಲ್ಲಿ ‘ಸ್ಟೀಲ್ ಡಬ್ಬಿ’ ಅಂತ ಬರೆಸಬೇಡಿ, ‘304 ಡಬ್ಬಿ’ ಅಂತ ಬರೆಸಿ. 304 ಅಂತ ಬಾಯಲ್ಲಿ ಹೇಳಿದವರು ಬರೆದುಕೊಡಲು ಹಿಂಜರಿದರೆ ಬೇರೆ ಅಂಗಡಿ ನೋಡಿ. ನಂತರ ತೊಟ್ಟು ಕೆಂಪಾದರೆ ಆ ಬಿಲ್ಲು, ತಳದ ಫೋಟೋ ಎರಡನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಐಎಸ್‌ಐ ಮಾರ್ಕೇ ನಕಲಿ ಅನ್ನಿಸಿದರೆ ಬಿಐಎಸ್ ಕೇರ್ ಆ್ಯಪ್‌ನಲ್ಲೇ ದೂರು ಕೊಡುವ ಜಾಗ ಇದೆ. ದೂರು ಕೊಡುವವರೆಗೆ ಡಬ್ಬಿಯನ್ನು ಎಸೆಯಬೇಡಿ, ತಳದ ಅಚ್ಚು ಅಳಿಸುವ ಹಾಗೆ ಉಜ್ಜಲೂಬೇಡಿ.